ಪೂರ್ತಿ ಪ್ರಶ್ನೆ ಕೇಳಿದ್ರೆ ಉತ್ತರ ಯಾಕೆ ಬೇಗ ಬರತ್ತೆ? ನಮ್ಮ ಕಂಪ್ಯೂಟರ್ ಕ್ಲಬ್ಬಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರದ ಕ್ಲಬ್ಬಲ್ಲಿ ಮಕ್ಕಳ ಜೊತೆ ಒಂದು ಹದಿನೈದು ನಿಮಿಷ ಮಾತಾಡಿದ್ದೆ. ಎಂಟು, ಒಂಬತ್ತನೇ ಕ್ಲಾಸಿನವರು, ಪೈಥಾನ್ ಶುರು ಮಾಡಿ ಎರಡು ತಿಂಗಳಾಗಿದೆ ಅಷ್ಟೇ. ಪ್ರೋಗ್ರಾಂ ಎಲ್ಲೋ ಸಿಕ್ಕಾಕೊಂಡಾಗ ಬೇರೆಯವರ ಹತ್ರ ಹೇಗೆ ಕೇಳ್ಬೇಕು ಅನ್ನೋದೇ ಮಾತು. ಆಮೇಲೆ ಮಕ್ಕಳೂ ಕೇಳಿದ್ರು, ಕೆಲವು ಅಪ್ಪ ಅಮ್ಮಂದ್ರೂ ಕೇಳಿದ್ರು, ಇನ್ನೊಂದು ಸ್ಕೂಲಲ್ಲಿ ಕ್ಲಬ್ ನಡೆಸೋ ಫ್ರೆಂಡೂ ಕೇಳಿದ್ರು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದು ಹಾಕ್ತಿದೀನಿ.

ಮಾತಲ್ಲಿ ತಗೊಂಡ ಉದಾಹರಣೆ ಯಾವ್ದು?

ನಮ್ಮ ಕ್ಲಬ್ಬಿನ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬರೆದ ಮಾರ್ಕ್ಸ್ ಪ್ರೋಗ್ರಾಂ. ಅವಳನ್ನ ಕೇಳಿ, ಅವಳು ಸರಿ ಸರ್ ಅಂದ್ಮೇಲೇ ತಗೊಂಡಿದ್ದು. ನಿಜವಾದ ಪ್ರೋಗ್ರಾಂ ಸುಮಾರು 140 ಲೈನ್ ಇತ್ತು, ಮೆನು, ಹೆಸರು, ರೋಲ್ ನಂಬರ್ ಎಲ್ಲಾ ಇತ್ತು, ಆದ್ರೆ ತೊಂದರೆ ಕೊಟ್ಟಿದ್ದು ಇಷ್ಟೇ ಭಾಗ:

```python
a = input("Kannada: ")
b = input("Maths: ")
c = input("Science: ")
total = a + b + c
print("Total:", total)
```

ಮೂರು ಸಬ್ಜೆಕ್ಟಿನ ಮಾರ್ಕ್ಸ್ ತಗೊಂಡು ಕೂಡಿಸಿ ಟೋಟಲ್ ಹೇಳ್ಬೇಕು. ಓಡತ್ತೆ, ಎರರ್ ಏನೂ ಬರಲ್ಲ, ಆದ್ರೆ ಟೋಟಲ್ ತಪ್ಪು.

ಅವಳು ಮೊದಲು ಹೇಗೆ ಕೇಳಿದ್ಲು?

ಸೋಮವಾರ ಸಂಜೆ ಏಳಕ್ಕೆ ವಾಟ್ಸಾಪಲ್ಲಿ "ಸರ್ ಟೋಟಲ್ ತಪ್ಪು ಬರ್ತಿದೆ ಪ್ಲೀಸ್ ಹೆಲ್ಪ್" ಅಂತ ಬಂತು. ನಾನು ಊಟ ಮುಗಿಸಿ ಒಂಬತ್ತೂವರೆಗೆ ನೋಡಿ "ಪ್ರೋಗ್ರಾಂ ಕಳ್ಸಮ್ಮ" ಅಂದೆ. ಅಷ್ಟೊತ್ತಿಗೆ ಫೋನ್ ಅವಳ ಅಮ್ಮನ ಕೈಗೆ ವಾಪಸ್ ಹೋಗಿತ್ತು, ಅವಳಿಗೆ ಮತ್ತೆ ಫೋನ್ ಸಿಕ್ಕಿದ್ದು ಮಂಗಳವಾರ ಸಂಜೆ. ಆಗ ಸ್ಕ್ರೀನಿನ ಫೋಟೋ ಒಂದು ಬಂತು, ಅದ್ರಲ್ಲಿ ಮೆನು ಭಾಗ ಚೆನ್ನಾಗಿ ಕಾಣ್ತಿತ್ತು, ಟೋಟಲ್ ಮಾಡೋ ಲೈನೇ ಇರ್ಲಿಲ್ಲ. ಏನು ಹಾಕಿದೆ ಏನು ಬಂತು ಅಂತ ಕೇಳಿದೆ. ಬುಧವಾರ "ಮಾರ್ಕ್ಸ್ ಹಾಕ್ದೆ ಸರ್, ದೊಡ್ಡ ನಂಬರ್ ಬಂತು, ಸ್ಕೂಲಲ್ಲಿ ಸರಿ ಬರ್ತಿತ್ತು" ಅಂದ್ಲು. ಯಾವ ಮಾರ್ಕ್ಸ್, ಯಾವ ನಂಬರ್ ಅಂತ ಕೇಳಿದೆ. ಗುರುವಾರ ಸಂಜೆ ಬಂತು: 78, 82, 65 ಹಾಕಿದೆ, 788265 ಬಂತು.

ಆ ಮೆಸೇಜ್ ಓದಿದ ಒಂದೇ ನಿಮಿಷದಲ್ಲಿ ಉತ್ತರ ಕಳಿಸಿದೆ. ಆ ನಾಲ್ಕು ನಂಬರ್ ಸೋಮವಾರ ಏಳು ಗಂಟೆಗೇ ಅವಳ ಸ್ಕ್ರೀನ್ ಮೇಲೆ ಇದ್ವು.

ಮೂರು ದಿನ ಹೋಗಿದ್ದು ಯೋಚನೆ ಮಾಡೋದ್ರಲ್ಲಿ ಅಲ್ಲ, ಫೋನ್ ಸಿಗೋವರೆಗೆ ಕಾಯೋದ್ರಲ್ಲಿ. ಮಕ್ಕಳಿಗೆ ಇದನ್ನೇ ಹೇಳಿದ್ದು, ಪ್ರಶ್ನೆಯಲ್ಲಿ ಒಂದು ವಿಷಯ ಬಿಟ್ಟು ಹೋದ್ರೆ ಅದನ್ನ ಕೇಳೋಕೆ ಒಂದು ಸುತ್ತು ಬೇಕು, ಮನೇಲಿ ಒಂದೇ ಫೋನ್ ಇರೋ ನಿಮಗೆ ಒಂದು ಸುತ್ತು ಅಂದ್ರೆ ಒಂದು ದಿನ.

"ತಪ್ಪು ಬರ್ತಿದೆ" ಅಂದ್ರೆ ಸಾಲಲ್ವಾ? ಗೊತ್ತಿರೋರಿಗೆ ಅಂದಾಜಾಗಲ್ವಾ?

ಅಂದಾಜು ಮಾಡ್ಬಹುದು, ಆದ್ರೆ ಆ ಅಂದಾಜುಗಳು ತುಂಬಾ ಆಗ್ತವೆ. ಟೋಟಲ್ ತಪ್ಪು ಅಂದಾಗ ನನ್ನ ತಲೆಗೆ ಬಂದಿದ್ದು ನೋಡಿ: ಒಂದು ಸಬ್ಜೆಕ್ಟ್ ಎರಡು ಸಲ ಕೂಡಿರ್ಬಹುದು, ಒಂದು ಬಿಟ್ಟು ಹೋಗಿರ್ಬಹುದು, ಹಿಂದಿನ ಹುಡುಗನ ಟೋಟಲ್ ಸೊನ್ನೆ ಮಾಡದೇ ಅದರ ಮೇಲೇ ಕೂಡ್ತಾ ಹೋಗ್ತಿರ್ಬಹುದು. ಮೂರಕ್ಕೂ "ಟೋಟಲ್ ತಪ್ಪು" ಅನ್ನೋದು ಹೊಂದತ್ತೆ, ಅದಕ್ಕೇ ಅದ್ರಿಂದ ಯಾವ್ದೂ ಗೊತ್ತಾಗಲ್ಲ.

ಈಗ 788265 ನೋಡಿ. ಬಿಡಿಸಿ ಓದಿ, 78, 82, 65. ಕೂಡಿಸಿಲ್ಲ, ಪಕ್ಕ ಪಕ್ಕ ಅಂಟಿಸಿದೆ. ಪೈಥಾನ್ ಮೂರಲ್ಲಿ `input()` ಏನೇ ಟೈಪ್ ಮಾಡಿದ್ರೂ ಅದನ್ನ ಅಕ್ಷರಗಳ ಸಾಲು ಅಂತಲೇ ಕೊಡತ್ತೆ, ಅಂದ್ರೆ ಸ್ಟ್ರಿಂಗ್, ಎರಡು ಸ್ಟ್ರಿಂಗ್ ಮಧ್ಯೆ ಪ್ಲಸ್ ಹಾಕಿದ್ರೆ ಜೋಡಿಸತ್ತೆ. ಲೆಕ್ಕ ಆಗ್ಬೇಕಂದ್ರೆ ಮೂರೂ ಕಡೆ ಹೀಗೆ ಮಾಡ್ಬೇಕು:

```python
a = int(input("Kannada: "))
```

ಆಗ 225 ಬರತ್ತೆ. ಹಾಕಿದ ನಂಬರ್ ಮತ್ತು ಬಂದ ನಂಬರ್ ಎರಡೂ ಒಟ್ಟಿಗೆ ಇದ್ರೇನೇ ಇದು ಕಾಣೋದು. ಬರೀ 788265 ಕಳಿಸಿದ್ರೆ ಏನೋ ಕಸದ ನಂಬರ್ ಅನ್ಸತ್ತೆ, ಬರೀ 78, 82, 65 ಕಳಿಸಿದ್ರೆ ಏನೂ ಹೇಳಲ್ಲ. ಇನ್ನೊಂದು, "ನನಗೆ 225 ಬರ್ಬೇಕಿತ್ತು" ಅಂತಲೂ ಬರೀರಿ, ಯಾಕಂದ್ರೆ ಒಂದೊಂದ್ಸಲ ಪ್ರೋಗ್ರಾಂ ಸರೀನೇ ಇರತ್ತೆ, ನಾವು ಕೈಯಲ್ಲಿ ಮಾಡಿದ ಲೆಕ್ಕ ತಪ್ಪಿರತ್ತೆ.

"ಸ್ಕೂಲಲ್ಲಿ ಸರಿ ಬರ್ತಿತ್ತು" ಅಂದ್ಲಲ್ಲ, ಅದು ಹೇಗೆ?

ಇದು ನನಗೂ ಅರ್ಧ ದಿನ ತಲೆ ತಿಂತು. ಅದೇ ಐದು ಲೈನ್, ಅದೇ ಮಾರ್ಕ್ಸ್, ಒಂದ್ಕಡೆ 225 ಇನ್ನೊಂದ್ಕಡೆ 788265 ಬರೋದು ಹೇಗೆ? ಶನಿವಾರ ಕ್ಲಬ್ಬಿಗೆ ಬಂದಾಗ ಅವಳನ್ನೇ ಕೂರಿಸ್ಕೊಂಡು ಸ್ಕೂಲಲ್ಲಿ ಬಂದಿದ್ದನ್ನ ಇದ್ದ ಹಾಗೇ ಬರಿ ಅಂದೆ. ಅವಳು ನೋಟ್‌ಬುಕ್ಕಲ್ಲಿ ಹೀಗೆ ಬರೆದ್ಲು:

```
('Total:', 225)
```

"ಸ್ಕೂಲಲ್ಲಿ ಬ್ರ್ಯಾಕೆಟ್ ಬರತ್ತೆ ಸರ್, ಆದ್ರೆ ಉತ್ತರ ಸರಿ ಇತ್ತಲ್ಲ, ಅದಕ್ಕೆ ಹೇಳ್ಲಿಲ್ಲ" ಅಂದ್ಲು.

ಆ ಬ್ರ್ಯಾಕೆಟ್ಟೇ ಉತ್ತರ. ಪೈಥಾನ್ ಎರಡರಲ್ಲಿ `print` ಒಂದು ಫಂಕ್ಷನ್ ಆಗಿರ್ಲಿಲ್ಲ, ಬ್ರ್ಯಾಕೆಟ್ ಒಳಗೆ ಕಾಮಾ ಹಾಕಿ ಎರಡು ವಿಷಯ ಕೊಟ್ರೆ ಅದನ್ನ ಒಂದು ಜೋಡಿ ಅಂತ ತಿಳ್ಕೊಂಡು ಬ್ರ್ಯಾಕೆಟ್ ಸಮೇತ ತೋರಿಸ್ತಿತ್ತು. ಅದೇ ಪೈಥಾನ್ ಎರಡರಲ್ಲಿ `input()` ನಾವು ಟೈಪ್ ಮಾಡಿದ್ದನ್ನ ಪೈಥಾನ್ ಲೆಕ್ಕದ ಹಾಗೆ ಓಡಿಸಿ ಬಂದ ಬೆಲೆ ಕೊಡ್ತಿತ್ತು, 78 ಅಂತ ಹೊಡೆದ್ರೆ ನಿಜವಾದ ನಂಬರ್ 78 ಸಿಗ್ತಿತ್ತು. ಅಂದ್ರೆ ಲ್ಯಾಬಿನ ಹಳೇ ಕಂಪ್ಯೂಟರಲ್ಲಿ 2.7 ಕೂತಿತ್ತು, ಮನೇಲಿ ಹೊಸದು. ಪೈಥಾನ್ ಎರಡಕ್ಕೆ ಅದನ್ನ ಮಾಡೋರ ಸಪೋರ್ಟ್ 2020ರ ಜನವರಿ 1ಕ್ಕೇ ನಿಂತಿದೆ, ಆದ್ರೆ ಹಳೇ ಮೆಷಿನ್‌ಗಳಲ್ಲಿ ಅದು ಹಾಗೇ ಉಳ್ಕೊಂಡಿರತ್ತೆ, ಯಾರೂ ತೆಗೆದಿರಲ್ಲ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಸರಿ ಅಂದ್ಕೊಂಡಿದ್ದ ಸ್ಕೂಲಿನ ಉತ್ತರವೂ ಪೂರ್ತಿ ನಂಬೋ ಹಾಗಿರ್ಲಿಲ್ಲ. ಸರಾಸರಿ ತೆಗೆಯೋಕೆ ಹೋಗಿದ್ರೆ 225ನ್ನ 3ರಿಂದ ಭಾಗಿಸಿದ್ರೆ 75, ಸರಿ. ಒಂದು ಮಾರ್ಕ್ ಜಾಸ್ತಿ ಬಂದು 226 ಆಗಿದ್ರೂ ಪೈಥಾನ್ ಎರಡು 75 ಅಂತಲೇ ಹೇಳ್ತಿತ್ತು, ದಶಮಾಂಶ ಬಿಟ್ಟುಬಿಡ್ತಿತ್ತು.

ಹಾಗಾದ್ರೆ ವರ್ಷನ್ ನೋಡೋದು ಹೇಗೆ?

ಐಡಲ್ ತೆರೆದ್ರೆ ಮೊದಲ್ನೇ ಸಾಲಲ್ಲೇ ಇರತ್ತೆ. ಇಲ್ಲಾಂದ್ರೆ ಕಮಾಂಡ್ ಪ್ರಾಂಪ್ಟಲ್ಲಿ ಇದನ್ನ ಹೊಡೀರಿ:

```
python --version
```

ವಿಂಡೋಸಲ್ಲಿ ಇದು ಕೆಲಸ ಮಾಡ್ಲಿಲ್ಲ ಅಂದ್ರೆ `py --version`. ಬಂದಿದ್ದನ್ನ ಹಾಗೇ ಕಾಪಿ ಮಾಡಿ. "ಲೇಟೆಸ್ಟ್ ಇದೆ ಸರ್" ಅಂತ ಬರೀಬೇಡಿ, ವಿಂಡೋಸ್ 7 ಇರೋ ಮೆಷಿನ್‌ಗೆ ಪೈಥಾನ್ 3.8ಕ್ಕಿಂತ ಮುಂದಿನದು ಹೋಗೋದೇ ಇಲ್ಲ, ಆ ಮೆಷಿನ್ನಿನ ಲೇಟೆಸ್ಟ್ ಬೇರೆ ನನ್ನ ಮೆಷಿನ್ನಿನ ಲೇಟೆಸ್ಟ್ ಬೇರೆ.

ಎರರ್ ಬಂದಾಗ ಅದೇ ಲೈನ್ ನಂಬರ್ ಹೇಳತ್ತಲ್ಲ, ಆ ಲೈನ್ ಮಾತ್ರ ಕಳಿಸಿದ್ರೆ ಸಾಕಲ್ವಾ?

ಇದಕ್ಕೆ ಕ್ಲಬ್ಬಲ್ಲಿ ಅದೇ ಪ್ರೋಗ್ರಾಮಿಗೆ ಆರನೇ ಲೈನ್ ಆಗಿ `print("Average:", total / 3)` ಸೇರಿಸಿ ಎಲ್ಲರ ಮುಂದೆ ಓಡಿಸಿದೆ. ಹೀಗೆ ಬಂತು:

```
Traceback (most recent call last):
  File "marks.py", line 6, in <module>
    print("Average:", total / 3)
TypeError: unsupported operand type(s) for /: 'str' and 'int'
```

(ಹೊಸ ವರ್ಷನ್‌ಗಳಲ್ಲಿ ತೊಂದರೆ ಇರೋ ಜಾಗದ ಕೆಳಗೆ ಗುರುತಿನ ಗೆರೆಯೂ ಬರತ್ತೆ.) ಈಗ ಆರನೇ ಲೈನ್ ಒಂದನ್ನೇ ನೋಡಿ. ಅದ್ರಲ್ಲಿ ತಪ್ಪೇನಿದೆ? ಏನೂ ಇಲ್ಲ. ಟೋಟಲನ್ನ ಮೂರರಿಂದ ಭಾಗಿಸಿ ಅಂತಿದೆ, ಅದೇ ಬೇಕಾಗಿದ್ದು. ತಪ್ಪು ಹುಟ್ಟಿದ್ದು ಒಂದು, ಎರಡು, ಮೂರನೇ ಲೈನಲ್ಲಿ, ನಾಲ್ಕನೇ ಲೈನ್ ಅದನ್ನ ಸದ್ದಿಲ್ಲದೆ ದಾಟಿಸ್ತು, ಐದನೇ ಲೈನ್ ಪ್ರಿಂಟ್ ಮಾಡ್ತು, ಆರನೇ ಲೈನಲ್ಲಿ ಸ್ಟ್ರಿಂಗನ್ನ ಭಾಗಿಸೋಕೆ ಆಗ್ದೇ ನಿಂತ್ಹೋಯ್ತು. ಪೈಥಾನ್ ಹೇಳೋದು ಎಲ್ಲಿ ನಿಂತೆ ಅಂತ, ಎಲ್ಲಿ ಕೆಟ್ಟಿತು ಅಂತ ಅಲ್ಲ. ಅದಕ್ಕೆ ಆ ಲೈನಲ್ಲಿರೋ ಹೆಸರು, ಇಲ್ಲಿ `total`, ಅದು ಹುಟ್ಟಿದ ಜಾಗ, ಅಲ್ಲಿಂದ `a`, `b`, `c` ಹುಟ್ಟಿದ ಜಾಗದವರೆಗೂ ಹಿಂದಕ್ಕೆ ಹೋಗಿ ಅಷ್ಟನ್ನೂ ಕಳಿಸ್ಬೇಕು.

ಎರರ್ ಮೆಸೇಜ್ ಕೂಡ ಪೂರ್ತಿ ಬೇಕು, ಅದ್ರಲ್ಲೂ ಕೊನೇ ಸಾಲು. ತುಂಬಾ ಮಕ್ಕಳು ಮೇಲಿನ `Traceback` ಸಾಲು ಮಾತ್ರ ಕಳಿಸ್ತಾರೆ, ಕೆಂಪಗಿರತ್ತೆ, ಮೊದಲು ಕಣ್ಣಿಗೆ ಬೀಳತ್ತೆ. ಆ ಸಾಲು ಯಾವ ಎರರಲ್ಲಿ ಬಂದ್ರೂ ಒಂದೇ ಥರ ಇರತ್ತೆ, ಅದ್ರಿಂದ ಏನೂ ತಿಳಿಯಲ್ಲ. ಕೊನೇ ಸಾಲಿನ `'str' and 'int'` ಅನ್ನೋ ಎರಡು ಪದ ನೋಡಿದ್ರೆ, ಸ್ಟ್ರಿಂಗ್ ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡ್ಬಹುದು.

ಹಾಗಂತ 140 ಲೈನೂ ಕಳಿಸ್ಬೇಕಾ?

ಬೇಡ. 140 ಲೈನ್ ಕಳಿಸಿದ್ರೆ ಓದೋರು ಆಮೇಲೆ ನೋಡೋಣ ಅಂತ ಪಕ್ಕಕ್ಕಿಡ್ತಾರೆ, ನಾನೂ ಇಟ್ಟಿದೀನಿ. ಮೊದಲು ಫೈಲನ್ನ ಬೇರೆ ಹೆಸರಲ್ಲಿ ಸೇವ್ ಮಾಡ್ಕೊಳ್ಳಿ, ಒರಿಜಿನಲ್ ಮುಟ್ಬೇಡಿ. ಆಮೇಲೆ ಆ ಕಾಪಿಯಲ್ಲಿ ಸಂಬಂಧ ಇಲ್ಲ ಅನ್ಸಿದ್ದನ್ನ ತೆಗೀತಾ ಬನ್ನಿ, ಮೆನು ತೆಗೀರಿ, ಓಡಿಸಿ, ತಪ್ಪು ಇನ್ನೂ ಬರ್ತಿದ್ಯಾ ನೋಡಿ. ಬರ್ತಿದ್ರೆ ರೋಲ್ ನಂಬರ್ ಭಾಗ ತೆಗೀರಿ, ಮತ್ತೆ ಓಡಿಸಿ. ಪ್ರತಿ ಸಲ ಓಡಿಸ್ಲೇಬೇಕು, ಇದನ್ನ ಬಿಟ್ಟು ಕಣ್ಣಂದಾಜಲ್ಲಿ ಕತ್ತರಿಸಿದ್ರೆ ನೀವು ಕಳಿಸೋ ಚಿಕ್ಕ ಪ್ರೋಗ್ರಾಮಲ್ಲಿ ಆ ತಪ್ಪು ಇರೋದೇ ಇಲ್ಲ, ಉತ್ತರ ಕೊಡೋರು "ನಂಗೆ ಸರಿ ಬರ್ತಿದ್ಯಲ್ಲ" ಅಂತಾರೆ.

ಏನೋ ಒಂದು ತೆಗೆದಾಗ ತಪ್ಪು ಮಾಯ ಆಯ್ತು ಅಂದ್ಕೊಳ್ಳಿ, ಆಗ ಖುಷಿ ಪಡಿ, ಈಗ ತಾನೇ ತೆಗೆದ ಭಾಗದಲ್ಲೇ ಏನೋ ಇದೆ. ಕ್ಲಬ್ಬಲ್ಲಿ ಆಮೇಲೆ ಇಬ್ಬರು ಹುಡುಗರು ಹೀಗೆ ಕತ್ತರಿಸ್ತಾ ಕತ್ತರಿಸ್ತಾ ತಾವೇ ಹಿಡಿದುಬಿಟ್ರು, ಕೇಳೋ ಪ್ರಮೇಯವೇ ಬರ್ಲಿಲ್ಲ.

ಫೋಟೋ ತೆಗೆದು ಕಳಿಸೋದು ಸುಲಭ ಅಲ್ವಾ?

ಕಳಿಸೋರಿಗೆ ಸುಲಭ. ಓದೋರು ಮಾತ್ರ ಅದನ್ನ ಓಡಿಸಿ ನೋಡ್ಬೇಕು ಅಂದ್ರೆ ಮತ್ತೆ ಪೂರ್ತಿ ಟೈಪ್ ಮಾಡ್ಬೇಕು, ಟೈಪ್ ಮಾಡುವಾಗ ನಿಮ್ಮ ತಪ್ಪನ್ನ ಕೈ ತಾನಾಗೇ ಸರಿ ಮಾಡಿಬಿಡತ್ತೆ. ಪೈಥಾನಲ್ಲಿ ಸಾಲಿನ ಮುಂದಿನ ಜಾಗಕ್ಕೂ ಅರ್ಥ ಇದೆ, ಓರೆ ಫೋಟೋದಲ್ಲಿ ಅದು ನಾಲ್ಕು ಸ್ಪೇಸಾ ಮೂರಾ ಗೊತ್ತಾಗಲ್ಲ. ಅದಕ್ಕೆ ಟೆಕ್ಸ್ಟೇ ಕಳ್ಸಿ.

ಆದ್ರೆ ಮೊಬೈಲಲ್ಲಿ ನೋಡ್ಕೊಂಡು ಟೈಪ್ ಮಾಡ್ಬೇಡಿ, ಇದು ಫೋಟೋಗಿಂತ ಕೆಟ್ಟದ್ದು. ಮೊಬೈಲ್ ಕೀಬೋರ್ಡ್ ಸಾಲಿನ ಮೊದಲ ಅಕ್ಷರ ದೊಡ್ಡದು ಮಾಡಿ `Print` ಅಂತ ಹಾಕಿರತ್ತೆ, ನಾನು ಅದನ್ನ ನೋಡಿ `Print` ತಪ್ಪು ಅಂತೀನಿ, ನೀವು "ನನ್ನದ್ರಲ್ಲಿ ಚಿಕ್ಕದೇ ಇದೆ ಸರ್" ಅಂತೀರಿ, ಒಂದು ದಿನ ಹೋಯ್ತು. ಕಂಪ್ಯೂಟರಿಂದಲೇ ಕಾಪಿ ಪೇಸ್ಟ್ ಮಾಡಿ, ಫೈಲನ್ನೇ ಕಳಿಸಿದ್ರೂ ಆಯ್ತು. ವಾಟ್ಸಾಪಲ್ಲಿ ಪೇಸ್ಟ್ ಮಾಡೋದಾದ್ರೆ ಹಿಂದೆ ಮುಂದೆ ಮೂರು ಬ್ಯಾಕ್‌ಟಿಕ್ ಹಾಕಿ, ಇಲ್ಲಾಂದ್ರೆ ಸ್ಟಾರ್ ಮತ್ತೆ ಅಂಡರ್‌ಸ್ಕೋರನ್ನ ಅದು ದಪ್ಪ ಅಕ್ಷರ, ಓರೆ ಅಕ್ಷರದ ಗುರುತು ಅಂತ ತಿಳ್ಕೊಂಡು ಮುಚ್ಚಿಬಿಡಬಹುದು.

ಮನೇಲಿ ಕಂಪ್ಯೂಟರಿಗೆ ಇಂಟರ್ನೆಟ್ಟೇ ಇಲ್ಲ ಅನ್ನೋ ಮಕ್ಕಳೂ ಇದಾರೆ. ಅವರು ಫೋಟೋನೇ ಕಳ್ಸಿ ಪರವಾಗಿಲ್ಲ, ನೇರವಾಗಿ ಹಿಡಿದು, ಐದಾರು ಲೈನಿಗೆ ಇಳಿಸಿದ ಮೇಲೆ, ಪ್ರೋಗ್ರಾಂ ಒಂದು ಔಟ್‌ಪುಟ್ ಒಂದು.

ನಾನು ಕೇಳಿದ್ದಕ್ಕೆ ಸರಿಯಾದ ಉತ್ತರವೇ ಬಂತು, ಆದ್ರೂ ಪ್ರೋಗ್ರಾಂ ಸರಿ ಆಗ್ಲಿಲ್ಲ. ಯಾಕೆ?

ಇದು ಆ ಹುಡುಗಿಗೇ ಆಯ್ತು. ಬುಧವಾರ ನನ್ನ ಉತ್ತರಕ್ಕೆ ಕಾಯ್ತಿರುವಾಗ ಹತ್ತನೇ ಕ್ಲಾಸಿನ ಒಬ್ಬ ಅಣ್ಣನ ಹತ್ರ "ಅಣ್ಣಾ, ಪೈಥಾನಲ್ಲಿ 788265ನ ಎರಡೆರಡು ಅಂಕಿಯಾಗಿ ಕತ್ತರಿಸೋದು ಹೇಗೆ" ಅಂತ ಕೇಳಿದ್ಲು. ಅವನು ಚೆನ್ನಾಗೇ ಹೇಳ್ಕೊಟ್ಟ, `int(s[0:2])`, `int(s[2:4])`, `int(s[4:6])`, ಮೂರೂ ಕೂಡು ಅಂತ. 225 ಬಂತು! ಆಮೇಲೆ ಫ್ರೆಂಡಿನ ಮಾರ್ಕ್ಸ್ ಹಾಕಿದ್ಲು, ಕನ್ನಡದಲ್ಲಿ 100, ಮಿಕ್ಕಿದ್ದು 82, 65. ಅಂಟಿಸಿದ್ರೆ 1008265, ಕತ್ತರಿಸಿದ್ರೆ 10, 08, 26, ಟೋಟಲ್ 44. ನೂರಕ್ಕೆ ನೂರು ತಗೊಂಡೋಳಿಗೆ ಟೋಟಲ್ 44!

ಅಣ್ಣನ ತಪ್ಪಿಲ್ಲ, ಅವನು ಕೇಳಿದ್ದಕ್ಕೆ ಸರಿಯಾಗೇ ಹೇಳಿದ. ಬೇಕಿದ್ದ `int` ಕೂಡ ಅವನ ಉತ್ತರದೊಳಗೇ ಇತ್ತು, ಆದ್ರೆ ಆ ನಂಬರ್ ಎಲ್ಲಿಂದ ಬಂತು, ಏನು ಮಾಡೋಕೆ ಹೊರಟಿದೀನಿ ಅಂತ ಅವಳು ಹೇಳಿರ್ಲಿಲ್ಲ. "ಮೂರು ಮಾರ್ಕ್ಸ್ ಕೂಡಿಸ್ಬೇಕು, ಅದಕ್ಕೆ ಈ ನಂಬರ್ ಕತ್ತರಿಸೋಕೆ ನೋಡ್ತಿದೀನಿ" ಅಂದಿದ್ರೆ ಅವನೇ ಕತ್ತರಿಸೋದು ಯಾಕೆ, ಅಂಟಿದ್ದು ಯಾಕೆ ಅಂತ ನೋಡೋಣ ಅಂತಿದ್ದ. ಅದಕ್ಕೆ ನೀವು ಅರ್ಧ ದಾರಿಯಲ್ಲಿ ಹುಡುಕ್ಕೊಂಡ ಉಪಾಯದ ಬಗ್ಗೆ ಕೇಳ್ತಿದ್ರೆ, ಅದರ ಹಿಂದಿನ ನಿಜವಾದ ಕೆಲಸ ಏನು ಅಂತ ಒಂದು ವಾಕ್ಯ ಸೇರಿಸಿ.

ಪೂರ್ತಿ ಪ್ರಶ್ನೆ ಅಂದ್ರೆ ಕೊನೆಗೆ ಹೇಗೆ ಕಾಣತ್ತೆ?

ಸೋಮವಾರದ ಮೆಸೇಜ್ ಹೀಗಿದ್ರೆ ಆಗೇ ಮುಗಿದಿರ್ತಿತ್ತು:

"ಸರ್, ಮೂರು ಸಬ್ಜೆಕ್ಟ್ ಮಾರ್ಕ್ಸ್ ಕೂಡಿಸ್ತಿದೀನಿ. 78, 82, 65 ಹಾಕಿದ್ರೆ 225 ಬರ್ಬೇಕು, 788265 ಬರ್ತಿದೆ. ಎರರ್ ಏನೂ ಇಲ್ಲ. ಮನೇಲಿ ಪೈಥಾನ್ 3.12, ಸ್ಕೂಲಲ್ಲಿ ಇದೇ ಪ್ರೋಗ್ರಾಂ ('Total:', 225) ಅಂತ ತೋರಿಸ್ತು. ಪ್ಲಸ್ ಬದಲು sum ಹಾಕಿ ನೋಡ್ದೆ, ಅದಕ್ಕೆ ಬೇರೆ ಎರರ್ ಬಂತು. ಪ್ರೋಗ್ರಾಂ ಕೆಳಗಿದೆ, ಐದು ಲೈನ್."

ಬರಿಯೋಕೆ ಐದು ನಿಮಿಷ ಆಗ್ಬಹುದು. ಇದ್ರಲ್ಲಿ ನಮಸ್ಕಾರ, ಸಾರಿ, ಅರ್ಜೆಂಟ್ ಯಾವ್ದೂ ಇಲ್ಲ ನೋಡಿ, ಹಾಕಿದ್ರೂ ತಪ್ಪೇನಿಲ್ಲ, ಆದ್ರೆ ಅವು ಇದ್ದ ಮಾತ್ರಕ್ಕೆ ಉತ್ತರ ಬೇಗ ಬರಲ್ಲ. ಏನು ಮಾಡಿ ನೋಡಿದೆ ಅನ್ನೋ ಸಾಲು ಮಾತ್ರ ಬಿಡ್ಬೇಡಿ, ಇಲ್ಲಾಂದ್ರೆ ನೀವು ಆಗ್ಲೇ ಮಾಡಿ ನೋಡಿದ್ದನ್ನೇ ನಾನು ಮತ್ತೆ ಹೇಳ್ತೀನಿ.

ಇಂಗ್ಲಿಷಲ್ಲೇ ಕೇಳ್ಬೇಕಾ?

ನಮ್ಮ ಕ್ಲಬ್ಬಲ್ಲಿ ಬೇಡ. ಕನ್ನಡದಲ್ಲಿ ಕೇಳಿ, ಎರರ್ ಮೆಸೇಜ್ ಮಾತ್ರ ಅನುವಾದ ಮಾಡ್ದೇ ಬಂದ ಹಾಗೇ ಹಾಕಿ.

ಒಂದೊಂದ್ಸಲ ಬರತ್ತೆ, ಒಂದೊಂದ್ಸಲ ಬರಲ್ಲ. ಇಂಥದ್ದನ್ನ ಹೇಗೆ ಕೇಳೋದು?

ಇದು ಕಷ್ಟದ್ದು, ಪೂರ್ತಿ ಬರೆದ್ರೂ ಉತ್ತರ ತಡ ಆಗ್ಬಹುದು. ಹತ್ತು ಸಲ ಓಡಿಸಿ, ಪ್ರತಿ ಸಲ ಏನು ಹಾಕಿದ್ರಿ ಏನು ಬಂತು ಅಂತ ಒಂದು ಪೇಪರಲ್ಲಿ ಬರ್ಕೊಳ್ಳಿ. ಸುಮಾರು ಸಲ ಆ ಪಟ್ಟಿಯಲ್ಲೇ ಗುಟ್ಟು ಕಾಣತ್ತೆ. ಎರಡೆರಡು ಅಂಕಿ ಕತ್ತರಿಸೋ ಆ ಪ್ರೋಗ್ರಾಮೂ "ಒಂದೊಂದ್ಸಲ" ಕೆಡ್ತಿತ್ತು, ಪಟ್ಟಿ ಮಾಡಿದ್ರೆ 100 ಇದ್ದಾಗ, ಇಲ್ಲಾ ಹತ್ತಕ್ಕಿಂತ ಕಮ್ಮಿ ಇದ್ದಾಗ ಮಾತ್ರ ಅಂತ ಗೊತ್ತಾಗ್ತಿತ್ತು.

ಉತ್ತರ ಸಿಕ್ಕಿದ ಮೇಲೆ ಏನಾದ್ರೂ ಹೇಳ್ಬೇಕಾ?

ಸರಿ ಆಯ್ತಾ ಇಲ್ವಾ ಅಂತ ಹೇಳಿ, ಏನು ಬದಲಾಯಿಸಿದ್ಮೇಲೆ ಸರಿ ಆಯ್ತು ಅಂತಲೂ ಹೇಳಿ. ಆ ಹುಡುಗಿ ಮುಂದಿನ ವಾರ ಬರೆದ ಮೆಸೇಜ್ ಇದು: "ಸರ್, ಮೂರು ಕಡೆನೂ int ಹಾಕ್ದೆ, 225 ಬಂತು. ಈಗ ಆಬ್ಸೆಂಟ್ ಆದೋರಿಗೆ ab ಅಂತ ಹಾಕಿದ್ರೆ ಎರಡನೇ ಲೈನಲ್ಲಿ ನಿಲ್ಲತ್ತೆ, 0 ಹಾಕಿದ್ರೆ ನಿಲ್ಲಲ್ಲ, ನನಗೆ ab ಅಂತಲೇ ಹಾಕೋಕೆ ಬೇಕು." ಕೆಳಗೆ ಎರರ್ ಇತ್ತು:

```
ValueError: invalid literal for int() with base 10: 'ab'
```

ನಾನು ಬಸ್ಸಲ್ಲಿದ್ದೆ, ಏನೂ ಕೇಳೋದೇ ಬೇಕಾಗ್ಲಿಲ್ಲ, ನಿಂತ್ಕೊಂಡೇ ಫೋನಲ್ಲಿ ಉತ್ತರ ಕಳಿಸಿದೆ:

```python
s = input("Maths: ")
if s == "ab":
    b = 0
else:
    b = int(s)
```

ಎರಡೇ ನಿಮಿಷಕ್ಕೆ ವಾಪಸ್ ಬಂತು, "ಆಯ್ತು ಸರ್, ಟೋಟಲ್ 143 ಬಂತು. ಆದ್ರೆ ಸರಾಸರಿಗೆ ಇವರದ್ದನ್ನ ಮೂರರಿಂದ ಭಾಗಿಸ್ಬೇಕಾ ಎರಡರಿಂದಾನಾ?" ಅದು ಪೈಥಾನ್ ಪ್ರಶ್ನೆ ಅಲ್ಲಮ್ಮ, ನಿಮ್ಮ ಕ್ಲಾಸ್ ಟೀಚರ್ ಹತ್ರ ಕೇಳು ಅಂದೆ.